ಬಹಮನ್ 1357: ಒಂದು ತಾರೀಖಿನ ಅಮಾನತ್ತು

ನಮ್ಮ ಮೊಹಲ್ಲಾದ ಮಸೀದಿಯ ಹಿಂಬದಿಯ ಕೋಣೆಯಲ್ಲಿ ಒಂದು ಹಳೆಯ ಕಪಾಟಿದೆ. ಅದರಲ್ಲಿ ಇನ್ನೂರಕ್ಕೂ ಮಿಕ್ಕ ಉರ್ದು, ಅರಬಿ ಮತ್ತು ಫಾರ್ಸಿ ಗ್ರಂಥಗಳಿವೆ. ಗೆದ್ದಲು ಹಿಡಿದವು, ಹೊಲಿಗೆ ಬಿಟ್ಟವು, ರಟ್ಟಿಲ್ಲದವು ಎಲ್ಲವೂ ಸೇರಿ. ಜಮಾಅತ್‌ನ ವತಿಯಿಂದ ಒಂದು ಸ್ಮರಣಸಂಚಿಕೆ ಹೊರತರುವ ನಿರ್ಧಾರವಾದಾಗ, ಈ ಗ್ರಂಥಗಳ ಪಟ್ಟಿಯನ್ನು ಸಿದ್ಧಪಡಿಸಿ ಸಂಚಿಕೆಯ ಕೊನೆಯಲ್ಲಿ ಸೇರಿಸುವ ಹೊಣೆ ನಮ್ಮ ಮೂವರ ಮೇಲೆ ಬಿತ್ತು. ಗ್ರಂಥಕರ್ತನ ಹೆಸರು, ಗ್ರಂಥದ ಹೆಸರು, ಮುದ್ರಣದ ಊರು, ವರ್ಷ, ಯಾರು ವಕ್ಫ್ ಮಾಡಿದರು ಎಂಬ ಐದು ಅಂಕಣಗಳು. ಒಂದು ವಾರದ ಕೆಲಸ ಎಂದು ಭಾವಿಸಿದ್ದೆವು. ನಾಲ್ಕು ಅಂಕಣಗಳು ಅಷ್ಟರಲ್ಲೇ ಮುಗಿದವು. ವರ್ಷದ ಅಂಕಣವು ನಮ್ಮನ್ನು ಐದು ತಿಂಗಳು ಹಿಡಿದು ಕೂರಿಸಿತು. ಅಷ್ಟಾದರೂ ಅದರಲ್ಲಿ ನಾವು ಒಂದು ತಪ್ಪು ಮಾಡಿದೆವು. ಅಚ್ಚಾದ ಮೇಲೆ ತಿಳಿದ ಆ ತಪ್ಪನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇವೆ. ಏಕೆಂದರೆ ಹಿರಿಯರ ಪುಸ್ತಕಗಳು, ಪತ್ರಗಳು, ಗೋರಿಕಲ್ಲುಗಳು ಇರುವ ಯಾವ ಮನೆಯಲ್ಲೂ ಇದೇ ತಪ್ಪು ಆಗಬಹುದು.

ಕಪಾಟಿನ ಗ್ರಂಥಗಳಲ್ಲಿ ಹನ್ನೆರಡು ಒಂದೇ ಬಗೆಯ ಹಸಿರು ಬಟ್ಟೆಯ ರಟ್ಟಿನಲ್ಲಿವೆ. ಅವು ಒಂದೇ ಮನೆಯಿಂದ ಬಂದವು ಎಂಬುದು ಊರಿಗೆಲ್ಲ ಗೊತ್ತು. ಅವುಗಳಲ್ಲಿ ಮೊದಲನೆಯದರ ಮುಂಪುಟದ ಒಳಗೆ, ಮಸಿ ಮಾಸಿದ ಉರ್ದು ಕೈಬರಹದಲ್ಲಿ, ಇವು ಈ ಮಸೀದಿಗೆ ವಕ್ಫ್ ಎಂಬ ಒಂದು ಸಾಲು, ಅದರ ಕೆಳಗೆ ‘ಬಹಮನ್’ ಎಂಬ ಒಂದು ಪದ ಮತ್ತು 1357 ಎಂಬ ಅಂಕಿ ಇದ್ದವು. ದಾನಿಯ ಹೆಸರಿರಲಿಲ್ಲ. ವಕ್ಫ್ ಮಾಡುವವರು ಹೆಸರು ಬರೆಯದಿರುವುದು ನಮ್ಮ ಹಿರಿಯರಲ್ಲಿ ಅಪರೂಪವೇನೂ ಅಲ್ಲ. ನಾವು 1357ನ್ನು ಹಿಜರಿ ವರ್ಷವೆಂದು ಓದಿದೆವು. ಕಲಬುರಗಿ ಸೀಮೆಯವರಾದ ನಮಗೆ ‘ಬಹಮನ್’ ಎಂದೊಡನೆ ಬಹಮನಿ ಸುಲ್ತಾನರೇ ನೆನಪಾದರು. ಯಾವುದೋ ಮನೆತನದ ಗುರುತಿರಬೇಕೆಂದು ಆ ಪದವನ್ನು ದಾಟಿ ಮುಂದೆ ಹೋದೆವು. ಹಿಜರಿ 1357 ಎಂದರೆ ಕ್ರಿ.ಶ. 1938. ಆ ಕಾಲಕ್ಕೆ ಆ ಮನೆಯ ಯಜಮಾನರು ಬದುಕಿದ್ದರು, ವಿದ್ವಾಂಸರೂ ಆಗಿದ್ದರು. ಆದ್ದರಿಂದ ಹನ್ನೆರಡೂ ಗ್ರಂಥಗಳ ಮುಂದೆ ಅವರ ಹೆಸರನ್ನು, ‘1938’ ಎಂಬ ವರ್ಷವನ್ನು ಬರೆದು ಮುದ್ರಣಕ್ಕೆ ಕಳುಹಿಸಿದೆವು.

ಸಂಚಿಕೆ ಹೊರಬಂದ ಎರಡನೆಯ ವಾರ, ಎಂಬತ್ತು ದಾಟಿದ ಒಬ್ಬ ಖಾಲಾ ನಮ್ಮನ್ನು ಮನೆಗೆ ಕರೆಸಿಕೊಂಡರು. ಮೊಮ್ಮಗಳಿಂದ ಆ ಪುಟವನ್ನು ಓದಿಸಿ ಕೇಳಿದ್ದರು.

“ಮಕ್ಕಳೇ, ಕಿತಾಬುಗಳನ್ನು ಮಸೀದಿಗೆ ಕೊಟ್ಟದ್ದು ಫೂಫಾ ಅಲ್ಲ, ನಮ್ಮ ಫೂಫಿ. ಫೂಫಾ ತೀರಿಕೊಂಡ ಮೇಲೆ ಕೊಟ್ಟರು. ಎತ್ತಿನ ಗಾಡಿಯಲ್ಲಿ ಪೆಟ್ಟಿಗೆ ಹೋಯಿತು, ನಾನೂ ಗಾಡಿ ಹತ್ತಿ ಕುಳಿತಿದ್ದೆ” ಎಂದರು.

ನಾವು ಗೌರವದಿಂದಲೇ, “ಖಾಲಾಜಾನ್, ಕಿತಾಬಿನಲ್ಲಿ ಸನ್ ಬರೆದಿದೆಯಲ್ಲ” ಎಂದೆವು.

“ಸನ್ ಬರೆದಿರಬಹುದು. ನೀವು ಓದಿದ್ದು ಸರಿಯೇ ಎಂದು ನೋಡಿ” ಎಂದು ಅವರು ಚಹಾ ತರಲು ಹೇಳಿದರು.

ಆ ಸಂಜೆ ಮಗ್ರಿಬ್ ನಂತರ ಕಪಾಟು ತೆರೆದು ಅದೇ ಗ್ರಂಥವನ್ನು ಮತ್ತೆ ಹೊರತೆಗೆದೆವು. ಅದು ಒಂದು ಉರ್ದು ತಫ್ಸೀರ್‌ನ ಸಂಪುಟ. ಅದರ ಕೊನೆಯ ಪುಟದಲ್ಲಿ, ಮುದ್ರಣಾಲಯದ ಹೆಸರಿನ ಕೆಳಗೆ, ಮುದ್ರಣದ ವರ್ಷ 1363 ಎಂದಿತ್ತು. ಅದರ ಪಕ್ಕದಲ್ಲಿ ‘ದೋ ಚಶ್ಮೀ ಹೇ’ ಅಕ್ಷರವೂ ಸ್ಪಷ್ಟವಾಗಿತ್ತು. ಅದು ಹಿಜರಿಯ ಗುರುತು. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. 1363ರಲ್ಲಿ ಅಚ್ಚಾದ ಪುಸ್ತಕವನ್ನು 1357ರಲ್ಲಿ ಯಾರು ತಾನೇ ದಾನ ಮಾಡಬಲ್ಲರು? ಮುದ್ರಣದ ವರ್ಷವನ್ನು ಒಬ್ಬರು, ವಕ್ಫ್‌ನ ವರ್ಷವನ್ನು ಇನ್ನೊಬ್ಬರು ನಕಲು ಮಾಡಿಕೊಂಡಿದ್ದೆವು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದವರು ಯಾರೂ ಇರಲಿಲ್ಲ. ಎರಡು ಅಂಕಿಗಳೂ ಸರಿಯಾಗಿದ್ದರೆ, ಅವು ಒಂದೇ ಪಂಚಾಂಗದವು ಆಗಿರಲು ಸಾಧ್ಯವೇ ಇರಲಿಲ್ಲ.

ಮುಂಪುಟದ ಬರಹವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುವ ಹೊತ್ತಿಗೆ ಮರುದಿನವಾಗಿತ್ತು. 1357ರ ಕೊನೆಯಲ್ಲಿ ನಾವು ಲೇಖನಿಯ ಜಾರುಗೆರೆ ಎಂದುಕೊಂಡಿದ್ದ ಒಂದು ಸಣ್ಣ ಕೊಕ್ಕೆ ಇತ್ತು. ಅದರ ಮೇಲೆ ಮಾಸಿಹೋದ ಒಂದು ಚುಕ್ಕೆಯೂ ಇತ್ತು. ಅದು ‘ಫೇ’ ಅಕ್ಷರ. ಫಸ್ಲಿ ಸನ್ನಿನ ಗುರುತು. ‘ಬಹಮನ್’ ಎಂಬುದು ಮನೆತನದ ಹೆಸರಲ್ಲ, ತಿಂಗಳ ಹೆಸರು.

ನಿಝಾಮರ ರಾಜ್ಯದಲ್ಲಿ ಸರಕಾರಿ ವ್ಯವಹಾರವು ಫಸ್ಲಿ ವರ್ಷದಂತೆ ನಡೆಯುತ್ತಿತ್ತು. ಕಲಬುರಗಿ, ಬೀದರ್, ರಾಯಚೂರು ಆಗ ಅದೇ ರಾಜ್ಯದ ಭಾಗಗಳಾಗಿದ್ದವು. ಫಸಲ್ ಎಂದರೆ ಬೆಳೆ. ಹಿಜರಿ ವರ್ಷವು ಚಾಂದ್ರಮಾನದ್ದಾದ್ದರಿಂದ ಪ್ರತಿವರ್ಷ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಅದನ್ನು ಅನುಸರಿಸಿ ರೈತರಿಂದ ಕಂದಾಯ ಕೇಳಿದರೆ ಕೆಲವು ವರ್ಷ ಬೆಳೆ ಕೈಗೆ ಬರುವ ಮೊದಲೇ ಗಡುವು ಬಂದುಬಿಡುತ್ತದೆ. ಆದ್ದರಿಂದ ಮೊಗಲರ ಕಾಲದಲ್ಲಿ, ಆಗಿನ ಹಿಜರಿ ಅಂಕಿಯನ್ನೇ ಆರಂಭವಾಗಿ ಹಿಡಿದು, ಅಲ್ಲಿಂದ ಮುಂದೆ ಸೂರ್ಯಮಾನದಂತೆ ಎಣಿಸುವ ಫಸ್ಲಿ ಲೆಕ್ಕ ಬಳಕೆಗೆ ಬಂತು. ಆರಂಭದಲ್ಲಿ ಜೊತೆಯಾಗಿದ್ದ ಎರಡು ಅಂಕಿಗಳು ಕ್ರಮೇಣ ದೂರವಾದವು. ಹಿಜರಿ ಬೇಗ ಓಡಿತು, ಫಸ್ಲಿ ಹಿಂದುಳಿಯಿತು. ದಕ್ಷಿಣದ ಫಸ್ಲಿಗೆ 590 ಕೂಡಿಸಿದರೆ ಆ ವರ್ಷ ಆರಂಭವಾದ ಕ್ರಿಸ್ತಶಕ ದೊರೆಯುತ್ತದೆ. ಹೈದರಾಬಾದಿನಲ್ಲಿ ವರ್ಷವು ಅಕ್ಟೋಬರ್ ಆದಿಯಲ್ಲಿ ‘ಆಝರ್’ ತಿಂಗಳಿಂದ ಆರಂಭವಾಗುತ್ತಿತ್ತು. ನಂತರ ‘ದೈ’, ಅದರ ನಂತರ ‘ಬಹಮನ್’. ಹೀಗೆ ಬಹಮನ್ 1357 ಫಸ್ಲಿ ಎಂದರೆ ಸ್ಥೂಲವಾಗಿ 1947ರ ಡಿಸೆಂಬರ್. ಆಗ ನಡೆಯುತ್ತಿದ್ದ ಹಿಜರಿ ವರ್ಷ 1367. ನಾವು ಓದಿದ್ದಕ್ಕೂ ನಿಜಕ್ಕೂ ನಡುವೆ ಸರಿಸುಮಾರು ಹತ್ತು ವರ್ಷಗಳ ಅಂತರ.

ಕಬರಸ್ತಾನಕ್ಕೆ ಹೋಗಿ ಯಜಮಾನರ ಗೋರಿಕಲ್ಲನ್ನು ನೋಡಿದೆವು. ರಜಬ್ 1364 ಹಿಜರಿ ಎಂದು ಕೆತ್ತಲಾಗಿತ್ತು. ಅಂದರೆ 1945ರ ಜೂನ್ ಮಧ್ಯದಿಂದ ಜುಲೈ ಮಧ್ಯದವರೆಗಿನ ಅವಧಿ. ವಕ್ಫ್ ನಡೆದದ್ದು ಅವರು ತೀರಿಕೊಂಡು ಎರಡು ವರ್ಷಗಳ ಮೇಲೆ. ಖಾಲಾ ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ಇದ್ದತ್ ಮುಗಿಸಿ, ದೇಶವೇ ಅಲ್ಲೋಲಕಲ್ಲೋಲವಾಗಿದ್ದ ಆ ಚಳಿಗಾಲದಲ್ಲಿ, ಗಂಡನ ಗ್ರಂಥಗಳನ್ನು ಗಾಡಿಯಲ್ಲಿ ಹೇರಿ ಮಸೀದಿಗೆ ಕಳುಹಿಸಿದ ಒಬ್ಬ ವಿಧವೆಯ ದಾನವನ್ನು, ಒಂದು ಅಂಕಿಯನ್ನು ತಪ್ಪಾಗಿ ಓದಿ, ನಾವು ಇನ್ನೊಬ್ಬರ ಹೆಸರಿಗೆ ಬರೆದಿದ್ದೆವು.

ಇದೇ ಅಂಕಿಯಲ್ಲಿ ಇನ್ನೊಂದು ಅರ್ಥವೂ ಅಡಗಿದೆ. ಇರಾನಿನಲ್ಲಿ ಅಚ್ಚಾದ ಫಾರ್ಸಿ ಗ್ರಂಥಗಳಲ್ಲಿರುವುದು ಸಾಮಾನ್ಯವಾಗಿ ಹಿಜರಿ ಶಂಸಿ, ಅಂದರೆ ಸೂರ್ಯಮಾನದ ಹಿಜರಿ ವರ್ಷ. ಅದೂ ಪ್ರವಾದಿವರ್ಯರ(ಸ) ಹಿಜ್ರತ್‌ನಿಂದಲೇ ಎಣಿಕೆಯಾಗುತ್ತದೆ. ಆದರೆ ವರ್ಷವು ಮಾರ್ಚ್ 21ರ ಹೊತ್ತಿಗೆ ಆರಂಭವಾಗಿ ಸೂರ್ಯನನ್ನು ಅನುಸರಿಸುತ್ತದೆ. ಅದಕ್ಕೆ 621 ಕೂಡಿಸಬೇಕು. ಅದರಲ್ಲೂ ಬಹಮನ್ ಎಂಬ ತಿಂಗಳಿದೆ, ಅದು ಹನ್ನೊಂದನೆಯದು. ಇರಾನಿನ ಕ್ರಾಂತಿ ಜಯಗಳಿಸಿದ ದಿನ ಬಹಮನ್ 22, 1357. ಅದು 1979ರ ಫೆಬ್ರವರಿ 11. ಹೀಗೆ ‘1357’ ಎಂಬ ಒಂದೇ ಅಂಕಿಯು ಚಾಂದ್ರ ಹಿಜರಿಯಾದರೆ 1938–39, ದಕ್ಷಿಣದ ಫಸ್ಲಿಯಾದರೆ 1947–48, ಶಂಸಿಯಾದರೆ 1978–79. ನಮ್ಮ ಗ್ರಂಥವನ್ನು ಟೆಹರಾನಿನ ಗ್ರಂಥಪಾಲಕರೊಬ್ಬರು ನೋಡಿದ್ದರೆ, ತಿಂಗಳ ಹೆಸರನ್ನೂ ಗುರುತಿಸಿ, ಪೂರ್ಣ ವಿಶ್ವಾಸದಿಂದ 31 ವರ್ಷ ಮುಂದಕ್ಕೆ ತಪ್ಪು ಮಾಡುತ್ತಿದ್ದರು.

ಆದ್ದರಿಂದ ವರ್ಷವನ್ನು ಪರಿವರ್ತಿಸುವ ಮೊದಲು, ಅದು ಯಾವ ಸನ್ ಎಂದು ನಿರ್ಧರಿಸಬೇಕು. ಅಂಕಿಯ ಪಕ್ಕದ ಅಕ್ಷರವೇ ಮೊದಲ ಸಾಕ್ಷಿ. ಉರ್ದುವಿನಲ್ಲಿ ‘ಹೇ’ ಇದ್ದರೆ ಹಿಜರಿ, ಹಂಝಾದಂತೆ ಕಾಣುವ ಸಣ್ಣ ಗುರುತಿದ್ದರೆ ಈಸವಿ, ‘ಫೇ’ ಇದ್ದರೆ ಫಸ್ಲಿ. ಅರಬಿ ಮುದ್ರಣಗಳಲ್ಲಿ ‘ಮೀಮ್’ ಇದ್ದರೆ ಮೀಲಾದಿ, ಅಂದರೆ ಕ್ರಿಸ್ತಶಕ. ಇರಾನಿನವುಗಳಲ್ಲಿ ‘ಶೀನ್’ ಶಂಸಿಗೂ ‘ಕಾಫ್’ ಕಮರಿಗೂ, ಅಂದರೆ ಚಾಂದ್ರಮಾನಕ್ಕೂ ಗುರುತು. ಅಕ್ಷರವಿಲ್ಲದಿದ್ದರೆ ತಿಂಗಳ ಹೆಸರನ್ನು ನೋಡಬೇಕು. ಮುಹರ್ರಮ್, ರಜಬ್, ಶವ್ವಾಲ್ ಇದ್ದರೆ ಚಾಂದ್ರ ಹಿಜರಿ. ದೈ, ಬಹಮನ್, ತೀರ್, ಆಬಾನ್ ಇದ್ದರೆ ಫಸ್ಲಿ ಅಥವಾ ಶಂಸಿ. ಇವೆರಡರಲ್ಲಿ ಯಾವುದು ಎಂಬುದನ್ನು ಬರೆದ ಊರು ಹೇಳುತ್ತದೆ. ಎಲ್ಲಕ್ಕೂ ಕೊನೆಯಲ್ಲಿ, ಅದೇ ಪುಸ್ತಕದ ಇತರ ತಾರೀಖುಗಳೊಂದಿಗೆ ಹೋಲಿಸಬೇಕು. ನಮ್ಮನ್ನು ಎಚ್ಚರಿಸಿದ್ದು ಆ ಹೋಲಿಕೆಯೇ.

ಕರ್ನಾಟಕದ ಇತಿಹಾಸದಲ್ಲಿ ಈ ಬಗೆಯ ಗೊಂದಲಕ್ಕೆ ಪ್ರಸಿದ್ಧ ಉದಾಹರಣೆಯೊಂದಿದೆ. ಟಿಪ್ಪು ಸುಲ್ತಾನರು ತಮ್ಮ ಆಳ್ವಿಕೆಯ ಐದನೆಯ ವರ್ಷದಿಂದ ಹಿಜರಿಯನ್ನು ಬಿಟ್ಟು ‘ಮೌಲೂದಿ’ ಸನ್ನನ್ನು ಬಳಕೆಗೆ ತಂದರು. ಇದರ ಎಣಿಕೆ ಪ್ರವಾದಿವರ್ಯರ(ಸ) ಜನನದಿಂದ. ಹಿಜರಿ 1200ರ ನಾಣ್ಯದ ನಂತರ ಬಂದ ಅವರ ನಾಣ್ಯಗಳಲ್ಲಿ ಒಮ್ಮೆಲೇ 1215 ಕಾಣಿಸುತ್ತದೆ. ಈ ಲೆಕ್ಕಕ್ಕೆ 572 ಕೂಡಿಸಿದರೆ, ವಸಂತದಲ್ಲಿ ಆರಂಭವಾಗುವ ಆ ವರ್ಷದ ಕ್ರಿಸ್ತಶಕ ಸಿಗುತ್ತದೆ. ಅವರ ಕಾಲದ ಒಂದು ಪತ್ರದಲ್ಲಿ 1224 ಎಂದಿದೆಯೆನ್ನಿ. ಅದನ್ನು ಹಿಜರಿ ಎಂದು ಓದಿದರೆ 1809–10 ಆಗುತ್ತದೆ. ಸುಲ್ತಾನರು ಹುತಾತ್ಮರಾದದ್ದು 1799ರ ಮೇ 4ರಂದು. ಸತ್ತು ಹತ್ತು ವರ್ಷಗಳ ಮೇಲೆ ಪತ್ರ ಬರೆದಂತಾಗುತ್ತದೆ! ಮೌಲೂದಿ ಎಂದು ಓದಿದರೆ 1796–97, ಅದೇ ಸರಿ. ಇದರ ಮೇಲೆ ಇನ್ನೊಂದು ತೊಡಕು. ಆ ನಾಣ್ಯಗಳ ಮೇಲೆ ಅಂಕಿಗಳನ್ನು ಬಲದಿಂದ ಎಡಕ್ಕೆ ಜೋಡಿಸಲಾಗಿದೆ. ರೂಢಿಯಂತೆ ಎಡದಿಂದ ಓದುವವನಿಗೆ 1224 ಎಂಬುದು 4221 ಆಗಿ ಕಾಣುತ್ತದೆ.

ಸನ್ ಯಾವುದೆಂದು ಖಚಿತವಾದ ಮೇಲೆ ಪರಿವರ್ತನೆ ಕಷ್ಟವಲ್ಲ. ಚಾಂದ್ರ ಹಿಜರಿಗೆ ನಾವು ಅನುಸರಿಸಿದ ಕ್ರಮ ಹೀಗಿದೆ. ವರ್ಷದಲ್ಲಿ ನೂರಕ್ಕೆ ಮೂರರಂತೆ ಕಳೆಯಿರಿ, ಉಳಿದುದಕ್ಕೆ 622 ಕೂಡಿಸಿ. 1363ರಲ್ಲಿ ನೂರಕ್ಕೆ ಮೂರು ಎಂದರೆ ಸುಮಾರು 41. ಅದನ್ನು ಕಳೆದರೆ 1322. 622 ಕೂಡಿಸಿದರೆ 1944. ಇದು ಅಂದಾಜಿನ ಲೆಕ್ಕ, ಒಂದು ವರ್ಷದಷ್ಟು ಅತ್ತಿತ್ತ ಆಗಬಹುದು. ಆದ್ದರಿಂದ ಪಟ್ಟಿಗೆ ಬರೆಯುವ ಮೊದಲು ಮುದ್ರಿತ ಪರಿವರ್ತನ ಕೋಷ್ಟಕದಲ್ಲಿ ಆ ಹಿಜರಿ ವರ್ಷ ಆರಂಭವಾದ ದಿನವನ್ನು ನೋಡಿಕೊಳ್ಳಬೇಕು.

ಆರಂಭದ ದಿನ ಏಕೆ ಬೇಕು? ಒಂದು ಹಿಜರಿ ವರ್ಷವು ಬಹುತೇಕ ಎರಡು ಕ್ರಿಸ್ತವರ್ಷಗಳ ಮೇಲೆ ಹರಡಿಕೊಂಡಿರುತ್ತದೆ. ಹಿಜರಿ 1300 ಆರಂಭವಾದದ್ದು 1882ರ ನವೆಂಬರ್‌ನಲ್ಲಿ. ಹಾಗಾಗಿ ಆ ವರ್ಷದ ಹೆಚ್ಚಿನ ಭಾಗವೆಲ್ಲ 1883ರಲ್ಲಿದೆ. ಪುಸ್ತಕದಲ್ಲಿ 1300 ಎಂದಷ್ಟೇ ಇದ್ದರೆ ‘1882’ ಎಂದೋ ‘1883’ ಎಂದೋ ಆರಿಸಿಕೊಳ್ಳುವ ಅಧಿಕಾರ ನಮಗಿಲ್ಲ. ‘1300 ಹಿ. [1882–83]’ ಎಂದೇ ಬರೆಯಬೇಕು. ತಿಂಗಳೂ ತಿಳಿದಿದ್ದರೆ ಮಾತ್ರ ಒಂದು ವರ್ಷಕ್ಕೆ ಇಳಿಯಬಹುದು. ಇತಿಹಾಸಕಾರ ಇಮಾಮ್ ಝಹಬಿಯವರು(ರಹ್) ತೀರಿಕೊಂಡದ್ದು ಹಿಜರಿ 748ರಲ್ಲಿ. ಆ ವರ್ಷ 1347ರ ವಸಂತದಲ್ಲೇ ಆರಂಭವಾಗಿತ್ತು. ಆದರೂ ಗ್ರಂಥಗಳಲ್ಲಿ ಅವರ ಮರಣವರ್ಷ 1348 ಎಂದಿರುತ್ತದೆ. ಕಾರಣ, ಮರಣದ ತಿಂಗಳು ದುಲ್ ಕಅದ್ ಎಂದು ಗೊತ್ತಿದೆ, ಅದು ವರ್ಷದ ಹನ್ನೊಂದನೆಯ ತಿಂಗಳು. ದಿನದ ಮಟ್ಟಕ್ಕೆ ಇಳಿಯುವಾಗ ಇನ್ನಷ್ಟು ಎಚ್ಚರ ಬೇಕು. ಚಂದ್ರದರ್ಶನವು ಊರಿಂದೂರಿಗೆ ಬೇರೆಯಾಗುತ್ತದೆ, ನಮ್ಮ ದಿನವು ಸೂರ್ಯಾಸ್ತದಿಂದ ಆರಂಭವಾಗುತ್ತದೆ. ಆದ್ದರಿಂದ ಕೋಷ್ಟಕದ ತಾರೀಖು ಒಂದು ದಿನ ತಪ್ಪಬಹುದು. ವಾರದ ಹೆಸರನ್ನು ಬರೆದಿಟ್ಟಿದ್ದರೆ ಅದರಿಂದ ಸರಿಪಡಿಸಿಕೊಳ್ಳಬಹುದು.

ಮೇಲಿನ ನಮೂದಿನಲ್ಲಿ ಚೌಕಾಕಾರದ ಆವರಣವನ್ನು ಸುಮ್ಮನೆ ಬಳಸಿಲ್ಲ. ಆವರಣದ ಹೊರಗಿರುವುದು ಪುಸ್ತಕ ಹೇಳಿದ್ದು, ಒಳಗಿರುವುದು ನಾವು ಹೇಳಿದ್ದು. ಮೊದಲ ಸಲ ನಾವು ಮೂಲದ ಅಂಕಿಯನ್ನು ಕೈಬಿಟ್ಟು ಬರೇ ‘1938’ ಎಂದು ಅಚ್ಚು ಹಾಕಿಸಿದ್ದೆವು. ಓದುಗನಿಗೆ ನಮ್ಮ ತಪ್ಪನ್ನು ಹಿಡಿಯುವ ದಾರಿಯನ್ನೇ ಮುಚ್ಚಿಬಿಟ್ಟಿದ್ದೆವು. ‘ಬಹಮನ್ 1357 [1938]’ ಎಂದು ಬರೆದಿದ್ದರೆ, ಫಸ್ಲಿ ಬಲ್ಲ ಯಾವ ಹಿರಿಯರಾದರೂ ಮರುದಿನವೇ ತಿದ್ದುತ್ತಿದ್ದರು.

ಇನ್ನು ತಾರೀಖೇ ಇಲ್ಲದ ಗ್ರಂಥಗಳು. ನಮ್ಮ ಕಪಾಟಿನಲ್ಲಿ ಅಂಥವು ಅರವತ್ತಕ್ಕೂ ಹೆಚ್ಚು. ಮೊದಲಿಗೆ ವರ್ಷದ ಜಾಗವನ್ನು ಖಾಲಿ ಬಿಟ್ಟಿದ್ದೆವು. ಆದರೆ ಖಾಲಿ ಜಾಗವು ಓದುಗನಿಗೆ ಏನನ್ನೂ ತಿಳಿಸುವುದಿಲ್ಲ. ಪುಸ್ತಕದಲ್ಲಿ ವರ್ಷವಿಲ್ಲವೋ, ಪಟ್ಟಿ ಮಾಡಿದವರು ನೋಡಲು ಮರೆತರೋ? ಅರಬಿ ಗ್ರಂಥಸೂಚಿಗಳಲ್ಲಿ ಇದಕ್ಕೆ ‘ದಾಲ್, ತೇ’ ಎಂಬ ಎರಡು ಅಕ್ಷರಗಳನ್ನು ಬರೆಯುವ ರೂಢಿಯಿದೆ. ಅದು ‘ದೂನ ತಾರೀಖ್’, ಅಂದರೆ ತಾರೀಖಿಲ್ಲದ್ದು ಎಂಬುದರ ಸಂಕ್ಷೇಪ. ನಾವು ಕನ್ನಡದಲ್ಲಿ ‘ವರ್ಷ ನಮೂದಿಲ್ಲ’ ಎಂದು ಬರೆದೆವು. ಒಬ್ಬನೇ ಗ್ರಂಥಕರ್ತನ ಅಂಥ ಎರಡು ಗ್ರಂಥಗಳಿದ್ದಾಗ ಒಂದಕ್ಕೆ ‘ಅ’, ಇನ್ನೊಂದಕ್ಕೆ ‘ಆ’ ಸೇರಿಸಿದೆವು. ಲೇಖನದಲ್ಲಿ ಯಾವುದನ್ನು ಉಲ್ಲೇಖಿಸಿದ್ದೇವೆ ಎಂಬುದು ಓದುಗನಿಗೆ ತಿಳಿಯಬೇಕಲ್ಲವೇ?

ಆದರೆ ಹಾಗೆ ಬರೆಯುವ ಮುನ್ನ ಪುಸ್ತಕವನ್ನು ಪೂರ್ತಿ ಹುಡುಕಬೇಕು. ಹಳೆಯ ಕಲ್ಲಚ್ಚಿನ ಗ್ರಂಥಗಳಲ್ಲಿ ವರ್ಷವು ಮುಖಪುಟದಲ್ಲಿರದೆ ಕೊನೆಯ ಪುಟದಲ್ಲಿ, ಕಾತಿಬನ ಹೆಸರಿನ ಬಳಿ ಇರುವುದುಂಟು. ಕೆಲವೊಮ್ಮೆ ಅಂಕಿಯೇ ಇರುವುದಿಲ್ಲ, ಪದದೊಳಗೆ ಅಡಗಿರುತ್ತದೆ. ಬಿಸ್ಮಿಲ್ಲಾಹ್‌ಗೆ 786 ಎಂದು ಬರೆಯುವ ಅಬ್ಜದ್ ಲೆಕ್ಕವನ್ನು ನಮ್ಮ ಮನೆಗಳಲ್ಲಿ ಎಲ್ಲರೂ ಬಲ್ಲರು. ಅದೇ ಲೆಕ್ಕದಿಂದ ಪುಸ್ತಕದ ಹೆಸರಿನಲ್ಲಿ ವರ್ಷವನ್ನು ಹುದುಗಿಸುವುದನ್ನು ‘ತಾರೀಖೀ ನಾಮ್’ ಎನ್ನುತ್ತಾರೆ. ಮೀರ್ ಅಮ್ಮನರ ಪ್ರಸಿದ್ಧ ಉರ್ದು ಗ್ರಂಥ ‘ಬಾಗ್-ಒ-ಬಹಾರ್’ ಇದಕ್ಕೆ ಉದಾಹರಣೆ. ‘ಬಾಗ್’ನಲ್ಲಿ ಬೇ 2, ಅಲಿಫ್ 1, ಗೈನ್ 1000, ಒಟ್ಟು 1003. ನಡುವಿನ ವಾವ್ 6. ‘ಬಹಾರ್’ನಲ್ಲಿ ಬೇ 2, ಹೇ 5, ಅಲಿಫ್ 1, ರೇ 200, ಒಟ್ಟು 208. ಎಲ್ಲವನ್ನೂ ಕೂಡಿದರೆ 1217. ಅಂದರೆ ಕ್ರಿ.ಶ. 1802–03. ಕಲಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿಗಾಗಿ ಆ ಗ್ರಂಥ ಸಿದ್ಧವಾದ ಕಾಲ ಅದೇ.

ಇಲ್ಲೊಂದು ಜಾರುಬಂಡೆಯಿದೆ, ನಾವೂ ಒಮ್ಮೆ ಜಾರಿದ್ದೆವು. ಹೆಸರಿನಲ್ಲಿ ಅಡಗಿರುವುದು ಗ್ರಂಥ ರಚನೆಯಾದ ವರ್ಷ. ನಮ್ಮ ಕೈಯಲ್ಲಿರುವ ಪ್ರತಿ ನೂರು ವರ್ಷಗಳ ನಂತರದ ಮರುಮುದ್ರಣವಾಗಿರಬಹುದು. ಪುಟಸಂಖ್ಯೆ ಕೊಟ್ಟು ಉಲ್ಲೇಖಿಸುವುದು ನಮ್ಮ ಕೈಯಲ್ಲಿರುವ ಮುದ್ರಣವನ್ನೇ ಹೊರತು ಗ್ರಂಥಕರ್ತನ ಹಸ್ತಪ್ರತಿಯನ್ನಲ್ಲ. ಆದ್ದರಿಂದ ‘ರಚನೆ 1217 ಹಿ. [1802–03], ಈ ಮುದ್ರಣಕ್ಕೆ ವರ್ಷ ನಮೂದಿಲ್ಲ’ ಎಂದು ಎರಡನ್ನೂ ಬೇರೆಬೇರೆಯಾಗಿ ಬರೆಯಬೇಕು.

ಎಷ್ಟು ಹುಡುಕಿದರೂ ವರ್ಷ ಸಿಗದಿದ್ದಾಗ, ಪುಸ್ತಕವೇ ಎರಡು ಗಡಿಗಳನ್ನು ಕೊಡುವುದುಂಟು. ಒಂದು ಸಣ್ಣ ನಮಾಝ್ ಕೈಪಿಡಿಯಲ್ಲಿ ವರ್ಷವಿರಲಿಲ್ಲ. ಅದರ ಬೆಲೆ ‘ಆರು ಆಣೆ’ ಎಂದು ಅಚ್ಚಾಗಿತ್ತು. ನಮ್ಮ ದೇಶದಲ್ಲಿ ದಶಮಾಂಶ ನಾಣ್ಯಪದ್ಧತಿ ಬಂದದ್ದು 1957ರ ಏಪ್ರಿಲ್ 1ರಂದು. ಆದ್ದರಿಂದ ಪುಸ್ತಕ ಅದಕ್ಕಿಂತ ಹಿಂದಿನದು, ಅಥವಾ ಆಣೆಯ ರೂಢಿ ಉಳಿದಿದ್ದ ತೀರಾ ಹತ್ತಿರದ ವರ್ಷಗಳದು. ಅದರ ಮುನ್ನುಡಿಯಲ್ಲಿ 1363 ಹಿಜರಿಯ ಒಂದು ಮುದ್ರಣದ ಪ್ರಸ್ತಾಪವಿತ್ತು. ಆದ್ದರಿಂದ 1944ಕ್ಕಿಂತ ಹಿಂದಿನದಲ್ಲ. ನಮೂದು ಹೀಗಾಯಿತು: ‘[ಸು. 1944–1957]’. ‘ಸು.’ ಎಂದರೆ ಸುಮಾರು. ಮಧ್ಯದ ಒಂದು ವರ್ಷವನ್ನು ಆರಿಸಿ ‘ಸು. 1950’ ಎಂದು ಬರೆದಿದ್ದರೆ ನೋಡಲು ಅಚ್ಚುಕಟ್ಟಾಗಿರುತ್ತಿತ್ತು. ಆದರೆ 1950ಕ್ಕೆ ನಮ್ಮಲ್ಲಿ ಯಾವ ಸಾಕ್ಷಿಯೂ ಇರಲಿಲ್ಲ. ಎರಡು ಗಡಿಗಳಿಗೆ ಸಾಕ್ಷಿಯಿತ್ತು.

ಅಂದಾಜನ್ನು ಅಂದಾಜೆಂದೇ ಬರೆಯುವುದು ನಮಗೆ ಹೊರಗಿನಿಂದ ಬಂದ ಕಲಿಕೆಯಲ್ಲ. ಮೇಲೆ ಹೆಸರಿಸಿದ ಇಮಾಮ್ ಝಹಬಿಯವರು ತಮ್ಮ ಬೃಹತ್ ಗ್ರಂಥ ‘ತಾರೀಖುಲ್ ಇಸ್ಲಾಮ್’ನಲ್ಲಿ ಮಹನೀಯರನ್ನು ಹತ್ತು ವರ್ಷಗಳ ಗುಂಪುಗಳಲ್ಲಿ ಜೋಡಿಸಿದ್ದಾರೆ. ಮರಣದ ವರ್ಷ ನಿಖರವಾಗಿ ದೊರೆಯದವರನ್ನು ಯಾವುದಾದರೊಂದು ವರ್ಷದೊಳಗೆ ತುರುಕದೆ, ‘ತಕ್ರೀಬನ್’, ಅಂದರೆ ಅಂದಾಜಿನಲ್ಲಿ ಆ ಅವಧಿಯಲ್ಲಿ ತೀರಿಕೊಂಡವರು ಎಂದು ಪ್ರತ್ಯೇಕವಾಗಿ ಇರಿಸಿದ್ದಾರೆ. ಪ್ರವಾದಿಚರಿತ್ರೆಯ ಆದ್ಯ ಲೇಖಕರಲ್ಲೊಬ್ಬರಾದ ಇಬ್ನು ಇಸ್‌ಹಾಕರ ಮರಣವರ್ಷದ ಬಗ್ಗೆ 150, 151 ಮುಂತಾದ ಭಿನ್ನ ವರದಿಗಳಿವೆ. ಹಿಂದಿನವರು ಆ ಭಿನ್ನತೆಯನ್ನು ಅಳಿಸಲಿಲ್ಲ, ಹಾಗೆಯೇ ದಾಖಲಿಸಿದರು. ಹದೀಸ್ ವರದಿಗಾರರ ವಿಷಯದಲ್ಲಿ ಇದಕ್ಕೆ ಬಹಳ ತೂಕವಿತ್ತು. ಗುರುವಿನ ಮರಣವರ್ಷಕ್ಕಿಂತ ನಂತರ ಹುಟ್ಟಿದ ಶಿಷ್ಯ ಅವರಿಂದ ನೇರವಾಗಿ ಕೇಳಿದೆ ಎಂದರೆ ಆ ಕೊಂಡಿ ಅಲ್ಲೇ ಕಡಿಯುತ್ತಿತ್ತು. ಅಂದಾಜಿನ ವರ್ಷವನ್ನು ನಿಖರವೆಂದು ಬರೆದಿದ್ದರೆ, ಸತ್ಯವಂತನೊಬ್ಬ ಸುಳ್ಳುಗಾರನೆನಿಸಿಬಿಡುತ್ತಿದ್ದ.

ಹಿಜರಿ ಸನ್ ಹುಟ್ಟಿದ ಸಂದರ್ಭವೂ ಇಂಥದೇ. ಖಲೀಫ ಹಝ್ರತ್ ಉಮರ್(ರ) ಅವರ ಮುಂದೆ ಒಮ್ಮೆ ಶಅಬಾನ್‌ನಲ್ಲಿ ಸಲ್ಲಬೇಕಾದ ಹಣದ ಪತ್ರವೊಂದು ಬಂತೆಂದೂ, ಇದು ಯಾವ ಶಅಬಾನ್, ಕಳೆದದ್ದೋ ಈಗಿನದೋ ಬರಲಿರುವುದೋ ಎಂಬ ಪ್ರಶ್ನೆ ಎದ್ದಿತೆಂದೂ ಇತಿಹಾಸ ಗ್ರಂಥಗಳು ವರದಿ ಮಾಡುತ್ತವೆ. ಆ ತನಕ ತಿಂಗಳಿತ್ತು, ವರ್ಷದ ಎಣಿಕೆಯಿರಲಿಲ್ಲ. ಸಹಾಬಿಗಳ ಸಮಾಲೋಚನೆಯಲ್ಲಿ ಪ್ರವಾದಿವರ್ಯರ(ಸ) ಜನನದಿಂದ ಎಣಿಸೋಣ ಎಂಬ ಸಲಹೆಯೂ ಬಂದಿತ್ತು, ಕೊನೆಗೆ ಹಿಜ್ರತ್‌ನ ಪಕ್ಷವೇ ನಿಂತಿತು. ವರ್ಷವಿಲ್ಲದ ಒಂದು ಕಾಗದದಿಂದ ಒಬ್ಬ ಸಾಲಗಾರನಿಗೋ ಸಾಲಕೊಟ್ಟವನಿಗೋ ಅನ್ಯಾಯವಾಗಬಾರದು ಎಂಬ ಕಾಳಜಿಯೇ ಆ ನಿರ್ಧಾರದ ಹಿಂದಿತ್ತು.

ಸಂಚಿಕೆಗೆ ತಿದ್ದುಪಡಿಯ ಒಂದು ಹಾಳೆಯನ್ನು ಅಚ್ಚು ಹಾಕಿಸಿ, ಕೊಟ್ಟ ಮನೆಗಳಿಗೆಲ್ಲ ನಾವೇ ನಡೆದುಹೋಗಿ ತಲುಪಿಸಿದೆವು. ಅದರಲ್ಲಿನ ನಮೂದು ಹೀಗಿದೆ: ‘ಉರ್ದು ತಫ್ಸೀರ್, ಒಂದು ಸಂಪುಟ. ಮುದ್ರಣ 1363 ಹಿ. [1944]. ವಕ್ಫ್: ಬಹಮನ್ 1357 ಫಸ್ಲಿ [ಸು. ಡಿಸೆಂಬರ್ 1947]. ದಾನಿಯ ಹೆಸರು ಬರೆದಿಲ್ಲ. [ಗ್ರಂಥಗಳ ಮಾಲೀಕರ ಪತ್ನಿ, ಕುಟುಂಬದ ಹಿರಿಯರ ಹೇಳಿಕೆಯಂತೆ].’ 1363ಕ್ಕೆ ಎರಡು ವರ್ಷ ಬರೆಯದೆ 1944 ಎಂದಷ್ಟೇ ಬರೆದದ್ದಕ್ಕೆ ಕಾರಣವಿದೆ. ಆ ಹಿಜರಿ ವರ್ಷ 1943ರ ಡಿಸೆಂಬರ್ ಕೊನೆಯ ವಾರದಲ್ಲಿ ಆರಂಭವಾಗಿ 1944ರ ಡಿಸೆಂಬರ್‌ನಲ್ಲೇ ಮುಗಿದಿತ್ತು. ಇನ್ನುಳಿದ ಹನ್ನೊಂದು ಗ್ರಂಥಗಳಲ್ಲಿ ವಕ್ಫ್‌ನ ಸಾಲಿಲ್ಲ. ಅವುಗಳಿಗೆ ತಾರೀಖನ್ನು ಆವರಣದೊಳಗೇ ಇಟ್ಟೆವು.

ಹಾಳೆಯನ್ನು ಖಾಲಾ ಅವರಿಗೂ ಓದಿ ಹೇಳಿದೆವು. ಅವರು ಆವರಣದೊಳಗಿನ ಮಾತನ್ನು ಇನ್ನೊಮ್ಮೆ ಓದಿಸಿದರು.

“ಫೂಫಿಯ ಹೆಸರನ್ನು ಏಕೆ ಬರೆದಿಲ್ಲ?” ಎಂದು ಮೊಮ್ಮಗಳು ಕೇಳಿದಳು.

“ಅವರೇ ಬರೆದಿಲ್ಲವಲ್ಲ, ಬೇಟಿ” ಎಂದರು ಖಾಲಾ. “ಸನ್ ಸರಿಯಾಯಿತಲ್ಲ, ಅಷ್ಟು ಸಾಕು.”